ಕೊರಿಯರ್‌ಗೆ ಗೊತ್ತು, ಆ್ಯಪ್‌ಗೆ ಗೊತ್ತಿಲ್ಲ

ಆನ್‌ಲೈನಿನಲ್ಲಿ ಸಾಮಾನು ತರಿಸುವವರಿಗೆ ಈ ತಲೆಬಿಸಿ ಹೊಸದಲ್ಲ. ಶಾಪಿಂಗ್ ಆ್ಯಪ್ ತೆರೆದರೆ ಮೂರು ದಿನದಿಂದ ಒಂದೇ ಸಾಲು ನಿಂತಿರುತ್ತದೆ: ‘ಇನ್ ಟ್ರಾನ್ಸಿಟ್’. ಕೆಲವು ಸಲ ಅದೂ ಇಲ್ಲ, ‘ಮಾಹಿತಿ ಲಭ್ಯವಿಲ್ಲ’ ಅಷ್ಟೇ. ಅದೇ ಟ್ರ್ಯಾಕಿಂಗ್ ನಂಬರನ್ನು ಕಾಪಿ ಮಾಡಿ ಕೊರಿಯರ್ ಕಂಪನಿಯ ವೆಬ್‌ಸೈಟಿಗೆ ಹಾಕಿದರೆ ಪಾರ್ಸೆಲ್ಲಿನ ಜಾತಕವೇ ತೆರೆದುಕೊಳ್ಳುತ್ತದೆ. ಎಷ್ಟು ಗಂಟೆಗೆ ಯಾವ ಊರು ಬಿಟ್ಟಿತು, ಯಾವ ಹಬ್ಬಿನಲ್ಲಿ ಇಳಿಯಿತು, ಎಲ್ಲವೂ ಅಲ್ಲಿರುತ್ತದೆ. ಆ್ಯಪ್‌ನವರಿಗೆ ಫೋನ್ ಮಾಡಿದರೆ ಆ ಕಡೆಯವರೂ ನೋಡುವುದು ನಮಗೆ ಕಾಣುವ ಆ ಒಂದು ಸಾಲನ್ನೇ. ‘ನಮ್ಮ ಸಿಸ್ಟಮ್‌ನಲ್ಲಿ ಹಾಗೆ ತೋರಿಸ್ತಾ ಇಲ್ಲ ಸರ್, ಇನ್ನೆರಡು ದಿನ ಕಾಯಿರಿ’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಕಾಣುವುದೇ ಅಷ್ಟು.

ಟ್ರ್ಯಾಕಿಂಗ್ ನಂಬರ್ ಎಂದರೆ ಪಾರ್ಸೆಲ್ಲಿಗೇ ಅಂಟಿದ ಗುರುತು, ಅದನ್ನು ಎಲ್ಲಿ ಹಾಕಿದರೂ ಒಂದೇ ಉತ್ತರ ಬರಬೇಕು ಎಂದು ನಾವು ಅಂದುಕೊಂಡಿರುತ್ತೇವೆ. ಗೊಂದಲ ಶುರುವಾಗುವುದು ಇಲ್ಲಿಯೇ. ಆ ನಂಬರ್ ಒಂದು ಕಂಪನಿಯ ಲೆಕ್ಕದ ಪುಸ್ತಕದಲ್ಲಿರುವ ಒಂದು ಪುಟದ ಸಂಖ್ಯೆ, ಅಷ್ಟೇ. ಕೊರಿಯರ್‌ನವರು ಇದನ್ನು ‘ಎಡಬ್ಲ್ಯೂಬಿ’ ಎನ್ನುತ್ತಾರೆ. ಏರ್ ವೇ ಬಿಲ್ ಎಂಬುದರ ಮೊಟಕು ರೂಪ ಅದು. ಪಾರ್ಸೆಲ್ ಲಾರಿಯಲ್ಲೇ ಹೋದರೂ ಹೆಸರು ಮಾತ್ರ ವಿಮಾನದ್ದು. ದಾರಿಯಲ್ಲಿ ಯಾರಾದರೂ ಬಾರ್‌ಕೋಡ್ ಸ್ಕ್ಯಾನ್ ಮಾಡಿದಾಗಲೆಲ್ಲ ಆ ಪುಟಕ್ಕೆ ಒಂದು ಸಾಲು ಸೇರುತ್ತದೆ. ಸ್ಕ್ಯಾನ್ ಆಗದಿದ್ದರೆ ಸಾಲೂ ಇಲ್ಲ. ಪಾರ್ಸೆಲ್ಲುಗಳನ್ನು ಚೀಲಕ್ಕೆ ತುಂಬಿ ಸೀಲ್ ಹಾಕಿದ ಮೇಲೆ ಮುಂದಿನ ಹಬ್ಬಿನಲ್ಲಿ ಸ್ಕ್ಯಾನ್ ಆಗುವುದು ಚೀಲದ ಬಾರ್‌ಕೋಡ್. ಒಳಗಿರುವ ಪಾರ್ಸೆಲ್ಲುಗಳ ಪುಟಕ್ಕೆ ಕಂಪ್ಯೂಟರ್ ಆ ಚೀಲದ ಸುದ್ದಿಯನ್ನೇ ಹಂಚುತ್ತದೆ. ಹೀಗಾಗಿ ರಾತ್ರಿಯಿಡೀ ಲಾರಿಯಲ್ಲಿರುವ ಪಾರ್ಸೆಲ್ ಬಗ್ಗೆ ಹತ್ತು ತಾಸು ಯಾವ ಸುದ್ದಿಯೂ ಬಾರದಿರುವುದು ಸಹಜ.

ಕೊರಿಯರ್‌ನ ವೆಬ್‌ಸೈಟ್ ಈ ಪುಸ್ತಕವನ್ನು ನೇರವಾಗಿ ತೆರೆದು ತೋರಿಸುತ್ತದೆ. ಶಾಪಿಂಗ್ ಆ್ಯಪ್‌ಗೆ ಅಂಥ ಪುಸ್ತಕವಿಲ್ಲ. ಅದರ ಬಳಿ ಇರುವುದು ಆರ್ಡರ್ ನಂಬರ್, ಅದರ ಎದುರು ಒಂದು ಕೊರಿಯರ್ ಹೆಸರು ಮತ್ತು ಒಂದು ಎಡಬ್ಲ್ಯೂಬಿ ನಂಬರ್. ಆ್ಯಪ್‌ನ ಕಂಪ್ಯೂಟರ್ ಕೆಲವು ತಾಸಿಗೊಮ್ಮೆ ಕೊರಿಯರ್‌ನ ಕಂಪ್ಯೂಟರನ್ನು ‘ಈ ನಂಬರಿಗೆ ಹೊಸದೇನಾದರೂ ಇದೆಯೇ’ ಎಂದು ಕೇಳುತ್ತದೆ, ಇಲ್ಲವೇ ಹೊಸ ಸಾಲು ಸೇರಿದಾಗ ಕೊರಿಯರ್‌ನ ಕಂಪ್ಯೂಟರೇ ಸುದ್ದಿ ಮುಟ್ಟಿಸುತ್ತದೆ. ಅಂದರೆ ಆ್ಯಪ್‌ನಲ್ಲಿ ನಾವು ಓದುವುದು ನಕಲು. ನಕಲು ತಡವಾಗಿ ಬಂದರೆ ಅರ್ಧ ದಿನ ಕಾದು ನೋಡಬಹುದು, ತಾನಾಗಿಯೇ ಸರಿಹೋಗುತ್ತದೆ. ಆದರೆ ನಡುದಾರಿಯಲ್ಲಿ ಪಾರ್ಸೆಲ್ ಒಂದು ಕಂಪನಿಯ ಕೈಯಿಂದ ಇನ್ನೊಂದರ ಕೈಗೆ ಹೋದರೆ ಎಷ್ಟು ಕಾದರೂ ಸರಿಹೋಗುವುದಿಲ್ಲ. ನಮ್ಮ ಊರುಕೇರಿಗಳಲ್ಲಿ ಹೆಚ್ಚಾಗಿ ಆಗುವುದು ಇದೇ.

ಒಂದು ಪಾರ್ಸೆಲ್ಲನ್ನೇ ಹಿಂಬಾಲಿಸಿ ನೋಡೋಣ. ಬೆಂಗಳೂರಿನ ಒಬ್ಬ ವ್ಯಾಪಾರಿ ಶಿರಸಿ ತಾಲ್ಲೂಕಿನ ಹಳ್ಳಿಯೊಂದಕ್ಕೆ ಮಿಕ್ಸಿ ಜಾರ್ ಕಳಿಸುತ್ತಾನೆ ಎಂದಿಟ್ಟುಕೊಳ್ಳಿ. ಸೋಮವಾರ ಅವನು ಒಂದು ಖಾಸಗಿ ಕೊರಿಯರ್‌ನಲ್ಲಿ ಬುಕ್ ಮಾಡುತ್ತಾನೆ, ಲೇಬಲ್ ಪ್ರಿಂಟ್ ಆಗುತ್ತದೆ, ಎಡಬ್ಲ್ಯೂಬಿ ನಂಬರ್ ಆ್ಯಪ್‌ಗೆ ಹೋಗುತ್ತದೆ. ಆಗಿನ್ನೂ ಪಾರ್ಸೆಲ್ ಅಂಗಡಿಯಲ್ಲೇ ಇರುತ್ತದೆ. ಮಂಗಳವಾರ ಸಂಜೆ ಕೊರಿಯರ್ ಹುಡುಗ ಬಂದು ಒಯ್ಯುತ್ತಾನೆ. ಅದು ರಾತ್ರಿ ಬೆಂಗಳೂರಿನ ಹೊರವಲಯದ ಹಬ್ ಸೇರಿ ಹುಬ್ಬಳ್ಳಿಯ ಚೀಲಕ್ಕೆ ಬೀಳುತ್ತದೆ. ಬುಧವಾರ ಬೆಳಗಾಗುವಷ್ಟರಲ್ಲಿ ಹುಬ್ಬಳ್ಳಿ ಮುಟ್ಟುತ್ತದೆ. ಇಲ್ಲಿಯವರೆಗೆ ಆ್ಯಪ್ ಮತ್ತು ವೆಬ್‌ಸೈಟ್ ಎರಡೂ ಒಂದೇ ಮಾತು ಹೇಳುತ್ತವೆ.

ಹುಬ್ಬಳ್ಳಿಯ ಹಬ್ಬಿನಲ್ಲಿ ಚೀಲ ಬಿಚ್ಚಿ ಪಿನ್‌ಕೋಡ್ ನೋಡುತ್ತಾರೆ. ಈ ಕೊರಿಯರ್‌ನ ಹುಡುಗರು ಶಿರಸಿ ಪೇಟೆಯವರೆಗೆ ಹೋಗುತ್ತಾರೆ, ಅದರಾಚೆಯ ಘಟ್ಟದ ಹಳ್ಳಿಗಳಿಗೆ ಹೋಗುವುದಿಲ್ಲ. ದಿನಕ್ಕೆ ಒಂದೋ ಎರಡೋ ಪಾರ್ಸೆಲ್ಲಿಗಾಗಿ ಮೂವತ್ತು ಕಿಲೋಮೀಟರ್ ಬೈಕ್ ಓಡಿಸಿದರೆ ಪೆಟ್ರೋಲಿನ ಖರ್ಚೂ ಹುಟ್ಟುವುದಿಲ್ಲ. ಕೊರಿಯರ್ ಭಾಷೆಯಲ್ಲಿ ಇಂಥ ಜಾಗಕ್ಕೆ ‘ಓಡಿಎ’ ಎಂದು ಹೆಸರು, ಅಂದರೆ ಡೆಲಿವರಿ ಸೀಮೆಯ ಹೊರಗಿನದು. ಹಾಗಂತ ಆರ್ಡರ್ ಬಿಟ್ಟುಕೊಡಲು ಅವರು ತಯಾರಿಲ್ಲ. ಆ ಹಳ್ಳಿಗೆ ಹೋಗಿಯೇ ಹೋಗುವ ಒಂದು ಜಾಲ ದೇಶದಲ್ಲಿದೆ: ಅಂಚೆ ಇಲಾಖೆ. ಭಾರತದಲ್ಲಿ 1.6 ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಿವೆ, ಅವುಗಳಲ್ಲಿ ಸುಮಾರು ಶೇ 90ರಷ್ಟು ಹಳ್ಳಿಗಳಲ್ಲಿವೆ. ಆದ್ದರಿಂದ ಗುರುವಾರ ಕೊರಿಯರ್‌ನವರು ಈ ಪಾರ್ಸೆಲ್ಲನ್ನು ಇನ್ನೊಂದಷ್ಟು ಪಾರ್ಸೆಲ್ಲುಗಳ ಜೊತೆ ಹುಬ್ಬಳ್ಳಿಯ ಅಂಚೆ ಕಚೇರಿಗೆ ಒಯ್ದು ಸ್ಪೀಡ್ ಪೋಸ್ಟ್ ಮಾಡುತ್ತಾರೆ.

ಆ ಕೌಂಟರಿನಲ್ಲಿ ಪಾರ್ಸೆಲ್ಲಿಗೆ ಎರಡನೇ ಬಾರ್‌ಕೋಡ್ ಬೀಳುತ್ತದೆ. ಅಂಚೆಯವರಿಗೆ ಕೊರಿಯರ್‌ನ ಎಡಬ್ಲ್ಯೂಬಿ ನಂಬರ್ ಗೊತ್ತಿಲ್ಲ, ಗೊತ್ತಿರಬೇಕಾದ್ದೂ ಇಲ್ಲ. ಅವರ ಪುಸ್ತಕದಲ್ಲಿ ಹೊಸ ಪುಟವೊಂದು ತೆರೆಯುತ್ತದೆ. ಇಲ್ಲಿಂದ ಮುಂದೆ ಶಿರಸಿ ಹೆಡ್ ಆಫೀಸ್, ಅಲ್ಲಿಂದ ಸಬ್ ಆಫೀಸ್, ಅಲ್ಲಿಂದ ಹಳ್ಳಿಯ ಬ್ರ್ಯಾಂಚ್ ಆಫೀಸ್ ಎಂದು ಆಗುವ ಎಲ್ಲ ಸ್ಕ್ಯಾನೂ ಹೊಸ ಪುಟಕ್ಕೆ ಸೇರುತ್ತದೆ. ಹಳೆಯ ಪುಟದಲ್ಲಿ ಕೊರಿಯರ್‌ನ ಹುಡುಗ ಕೊನೆಯದಾಗಿ ಒಂದು ಷರಾ ಬರೆದು ಕೈತೊಳೆದುಕೊಳ್ಳುತ್ತಾನೆ. ಕೊರಿಯರ್‌ನ ಕಂಪ್ಯೂಟರ್ ಆ ಸುದ್ದಿಯನ್ನು ಆ್ಯಪ್‌ಗೆ ಕಳಿಸುವ ರೀತಿ ಹೆಚ್ಚುಕಡಿಮೆ ಹೀಗಿರುತ್ತದೆ (ಇದು ಮಾದರಿ, ಕಂಪನಿಯಿಂದ ಕಂಪನಿಗೆ ಹೆಸರುಗಳು ಬೇರೆ):

```
awb: 7012345678
status_code: 3PL
remark: Handed over to India Post EK123456785IN
```

ಮೂರನೇ ಸಾಲು ನೋಡಿ. ನಮಗೆ ಬೇಕಾದ ಅಂಚೆ ನಂಬರ್ ಅಲ್ಲೇ ಕೂತಿದೆ. ಕೊರಿಯರ್‌ನ ವೆಬ್‌ಸೈಟ್ ಆ ಷರಾವನ್ನು ಇದ್ದ ಹಾಗೆಯೇ ತೋರಿಸುತ್ತದೆ, ಓದಿದವರಿಗೆ ಅರ್ಥವಾಗುತ್ತದೆ. ಆ್ಯಪ್‌ನ ಕಂಪ್ಯೂಟರ್ ಷರಾ ಓದುವುದಿಲ್ಲ. ಅದು ಹತ್ತಾರು ಕೊರಿಯರ್ ಕಂಪನಿಗಳ ಜೊತೆ ವ್ಯವಹಾರ ಮಾಡುತ್ತದೆ, ಒಬ್ಬೊಬ್ಬರ ಸಂಕೇತ ಒಂದೊಂದು ಥರ. ಆದ್ದರಿಂದ ಅದು ಎಲ್ಲರ ಸಂಕೇತಗಳನ್ನೂ ಒಂದು ಪಟ್ಟಿಯಲ್ಲಿಟ್ಟು ತನ್ನ ಏಳೆಂಟು ಹಂತಗಳಿಗೆ ಹೊಂದಿಸಿಕೊಂಡಿರುತ್ತದೆ: ಹೊರಟಿದೆ, ದಾರಿಯಲ್ಲಿದೆ, ಡೆಲಿವರಿಗೆ ಬಂದಿದೆ, ತಲುಪಿದೆ, ವಾಪಸಾಗುತ್ತಿದೆ ಎಂಬಂತೆ. ಇನ್ನೊಬ್ಬರಿಗೆ ಹಸ್ತಾಂತರವಾಗಿದೆ ಎಂಬ ಸಂಕೇತಕ್ಕೆ ಆ ಪಟ್ಟಿಯಲ್ಲಿ ಜಾಗವಿಲ್ಲದಿದ್ದರೆ ಆ್ಯಪ್ ಅದನ್ನು ಕೈಬಿಡುತ್ತದೆ, ಇಲ್ಲವೇ ‘ದಾರಿಯಲ್ಲಿದೆ’ ಎಂಬ ಗುಂಪಿಗೆ ತಳ್ಳುತ್ತದೆ. ಆಮೇಲೂ ಅದು ಹಳೆಯ ಕೊರಿಯರ್‌ಗೆ ಹಳೆಯ ನಂಬರನ್ನೇ ಹೇಳಿ ವಿಚಾರಿಸುತ್ತಲೇ ಇರುತ್ತದೆ. ಆ ಪುಟದಲ್ಲಿ ಇನ್ನೊಂದು ಸಾಲು ಎಂದೂ ಸೇರುವುದಿಲ್ಲ.

ಶನಿವಾರ ಜಾರ್ ಮನೆ ಸೇರಿ ಅದರಲ್ಲಿ ಚಟ್ನಿಯೂ ಆಗಿರುತ್ತದೆ. ಆ್ಯಪ್‌ನಲ್ಲಿ ಮಾತ್ರ ಪಾರ್ಸೆಲ್ ಇನ್ನೂ ಹುಬ್ಬಳ್ಳಿಯಲ್ಲಿ.

ಇದರಿಂದ ತೊಂದರೆಯೇನು, ಸಾಮಾನು ಬಂತಲ್ಲ ಎನ್ನಬಹುದು. ಈ ಬಗೆಯ ತಪ್ಪಿನಿಂದ ಗ್ರಾಹಕರಿಗೆ ಹೆಚ್ಚು ನಷ್ಟವಿಲ್ಲ ನಿಜ, ವ್ಯಾಪಾರಿಗೆ ದುಡ್ಡು ತಡವಾಗಬಹುದು ಅಷ್ಟೇ. ಇದರ ತಿರುಗುಮುರುಗು ಇನ್ನೊಂದಿದೆ, ಕಿರಿಕಿರಿಯೆಲ್ಲ ಅದರದ್ದೇ. ಕೆಲವು ಕಡೆ ಮೊದಲ ಕೊರಿಯರ್ ತನ್ನ ಪುಟವನ್ನು ಮುಚ್ಚಲೇಬೇಕಾಗುತ್ತದೆ. ತೆರೆದಿಟ್ಟರೆ ಅದು ಬಾಕಿ ಪಟ್ಟಿಯಲ್ಲಿ ಉಳಿದು ಹಬ್ಬಿನ ಮ್ಯಾನೇಜರ್ ಬೈಸಿಕೊಳ್ಳುತ್ತಾನೆ. ಹಾಗಾಗಿ ಅಂಚೆಯ ಕೈಗೆ ಕೊಟ್ಟ ಕ್ಷಣವೇ ‘ಡೆಲಿವರ್ಡ್’ ಎಂದು ಹಾಕಿಬಿಡುತ್ತಾರೆ. ಅವರ ಮಟ್ಟಿಗೆ ಅದು ಸುಳ್ಳಲ್ಲ, ಅವರು ಕೊಡಬೇಕಾದವರಿಗೆ ಕೊಟ್ಟಾಗಿದೆ. ಆ್ಯಪ್‌ಗೆ ಮಾತ್ರ ಆ ಶಬ್ದದ ಅರ್ಥ ಒಂದೇ: ಗ್ರಾಹಕರಿಗೆ ತಲುಪಿತು. ಪಾರ್ಸೆಲ್ ಅಂಚೆ ಚೀಲದಲ್ಲಿರುವಾಗಲೇ ಆ್ಯಪ್ ಹಸಿರು ಗುರುತು ಹಾಕಿ, ನಕ್ಷತ್ರ ಕೊಡಿ ಎಂದು ಕೇಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಸಾಮಾನು ವಾಪಸ್ ಮಾಡುವ ಗಡುವು ಆ ದಿನದಿಂದಲೇ ಓಡತೊಡಗುತ್ತದೆ. ಏಳು ದಿನದ ಗಡುವಿದ್ದು ಪಾರ್ಸೆಲ್ ನಾಲ್ಕನೇ ದಿನ ಕೈಗೆ ಬಂದರೆ, ಜಾರ್ ಸೋರುತ್ತಿದೆಯೇ ಎಂದು ನೋಡಲು ಉಳಿಯುವುದು ಮೂರು ದಿನ.

ಇಂಥ ಹೊತ್ತಿನಲ್ಲಿ ಜನ ಮೊದಲು ಓಡುವುದು ಊರಿನ ಅಂಚೆ ಕಚೇರಿಗೆ. ‘ಮಾಸ್ತರ್ರೇ, ಬಂದಿದೆ ಅಂತ ತೋರಿಸ್ತಾ ಇದೆ, ನಿಮ್ಮ ಹತ್ರ ಇದೆಯಾ?’ ಎಂದು ಹತ್ತಂಕಿಯ ನಂಬರ್ ತೋರಿಸಿದರೆ ಅವರು, ‘ಇದು ನಮ್ಮ ನಂಬರ್ ಅಲ್ಲ ಅಮ್ಮ, ಕಡೆಗೆ ಐಎನ್ ಅಂತ ಇರೋದು ತನ್ನಿ’ ಎನ್ನುತ್ತಾರೆ. ಅವರ ಮಾತಿನಲ್ಲಿ ಒಂದು ಉಪಯೋಗದ ಗುಟ್ಟಿದೆ.

ಸ್ಪೀಡ್ ಪೋಸ್ಟಿನ ನಂಬರಿಗೆ ಖಚಿತವಾದ ಅಚ್ಚಿದೆ. ಒಟ್ಟು 13 ಅಕ್ಷರ: ಮೊದಲು ಎರಡು ಇಂಗ್ಲಿಷ್ ಅಕ್ಷರ, ನಡುವೆ 9 ಅಂಕಿ, ಕಡೆಗೆ ದೇಶದ ಗುರುತಿನ ಎರಡು ಅಕ್ಷರ. ಸ್ಪೀಡ್ ಪೋಸ್ಟ್ ಆದರೆ ಮೊದಲಕ್ಷರ E, ಭಾರತದ್ದಾದರೆ ಕಡೆಗೆ IN. ಇದು ನಮ್ಮ ಅಂಚೆಯವರೇ ಮಾಡಿಕೊಂಡ ಕ್ರಮವಲ್ಲ. 1874ರಲ್ಲಿ ಸ್ಥಾಪನೆಯಾದ, ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿರುವ ವಿಶ್ವ ಅಂಚೆ ಒಕ್ಕೂಟದ S10 ಎಂಬ ಮಾನದಂಡ. ನಡುವಿನ ಒಂಬತ್ತು ಅಂಕಿಗಳಲ್ಲಿ ಕೊನೆಯದು ಉಳಿದ ಎಂಟರ ಕಾವಲುಗಾರ. ಮೇಲಿನ ಮಾದರಿ ನಂಬರಿನ 1, 2, 3, 4, 5, 6, 7, 8 ಎಂಬ ಅಂಕಿಗಳನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಿದರೆ 204 ಬರುತ್ತದೆ. ಅದನ್ನು 11ರಿಂದ ಭಾಗಿಸಿದರೆ ಶೇಷ 6; 11ರಲ್ಲಿ 6 ಕಳೆದರೆ 5. ನಂಬರಿನ ಒಂಬತ್ತನೇ ಅಂಕಿಯೂ 5. (ಕಳೆದಾಗ 10 ಬಂದರೆ 0, 11 ಬಂದರೆ 5 ಎಂದು ಹಿಡಿಯುತ್ತಾರೆ.) ವ್ಯಾಪಾರಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಮಸುಕು ಫೋಟೊದಲ್ಲಿ 3 ಇದೆಯೋ 8 ಇದೆಯೋ ತಿಳಿಯದಿದ್ದರೆ ಈ ಲೆಕ್ಕ ಕೈಹಿಡಿಯುತ್ತದೆ. ಖಾಸಗಿ ಕೊರಿಯರ್ ನಂಬರುಗಳಿಗೆ ಎಲ್ಲರಿಗೂ ಸಮಾನವಾದ ಇಂಥ ಅಚ್ಚಿಲ್ಲ, ಒಬ್ಬೊಬ್ಬರದು ಒಂದೊಂದು ಉದ್ದ. ಹತ್ತಂಕಿಯ ನಂಬರ್ ನೋಡಿ ಅದು ಯಾರದ್ದೆಂದು ಕಣ್ಣಳತೆಯಲ್ಲಿ ಹೇಳುವುದು ಕಷ್ಟ.

ವಿದೇಶದ ಪಾರ್ಸೆಲ್ ಅಂಚೆಯಲ್ಲೇ ಹೋದರೆ ಕಥೆ ಸ್ವಲ್ಪ ಬೇರೆ. ಬೆಂಗಳೂರಿನ ತಾಯಿ ಅಮೆರಿಕದಲ್ಲಿರುವ ಮಗಳಿಗೆ ಸ್ಪೀಡ್ ಪೋಸ್ಟಿನಲ್ಲಿ ಸೀರೆ ಕಳಿಸಿದರೆ ನಂಬರ್ ಬದಲಾಗುವುದಿಲ್ಲ. S10 ಇರುವುದೇ ಅದಕ್ಕೆ. ಅದೇ ಬಾರ್‌ಕೋಡನ್ನು ಆ ದೇಶದ ಅಂಚೆಯೂ ಸ್ಕ್ಯಾನ್ ಮಾಡುತ್ತದೆ. ಪುಸ್ತಕಗಳು ಮಾತ್ರ ಎರಡು. ಎರಡೂ ಅಂಚೆಗಳ ನಡುವೆ ಕೆಲವು ಗೊತ್ತಾದ ಸುದ್ದಿಗಳಷ್ಟೇ ಓಡಾಡುತ್ತವೆ: ಪಾರ್ಸೆಲ್ ದೇಶ ಬಿಟ್ಟಿತು, ಆ ದೇಶ ಮುಟ್ಟಿತು, ಕಸ್ಟಮ್ಸ್ ತಡೆಹಿಡಿಯಿತು, ಡೆಲಿವರಿಗೆ ಯತ್ನಿಸಿದರು, ತಲುಪಿತು. ಒಳನಾಡಿನ ಊರೂರಿನ ಸ್ಕ್ಯಾನುಗಳು ಬಹಳಷ್ಟು ಸಲ ದಾಟಿ ಬರುವುದಿಲ್ಲ. ಹಾಗಾಗಿ ಕಳಿಸಿದ ದೇಶದ ಅಂಚೆ ತಾಣದಲ್ಲಿ ಸುದ್ದಿ ನಿಂತರೆ, ಅದೇ ನಂಬರನ್ನು ಮುಟ್ಟಬೇಕಾದ ದೇಶದ ಅಂಚೆ ತಾಣದಲ್ಲಿ ಹಾಕಬೇಕು. ಭಾರತಕ್ಕೆ ಬರುವ ಪಾರ್ಸೆಲ್ಲಿಗೂ ಇದೇ ಮಾತು. ಆ್ಯಪ್ ಕೇಳುತ್ತಿರುವುದು ಕಳಿಸಿದ ದೇಶದವರನ್ನು, ಪಾರ್ಸೆಲ್ ಇರುವುದು ನಮ್ಮ ಅಂಚೆಯಲ್ಲಿ.

ಇದೆಲ್ಲಕ್ಕಿಂತ ಸಪ್ಪೆಯಾದ, ಆದರೆ ಸಣ್ಣ ಅಂಗಡಿಗಳಲ್ಲಿ ಮೇಲಿಂದ ಮೇಲೆ ಆಗುವ ಇನ್ನೊಂದು ಕಾರಣವೂ ಇದೆ. ತನ್ನದೇ ಆನ್‌ಲೈನ್ ಮಳಿಗೆ ನಡೆಸುವ ವ್ಯಾಪಾರಿ ನಂಬರನ್ನು ಕೈಯಾರೆ ಟೈಪ್ ಮಾಡಿ, ಪಕ್ಕದ ಪಟ್ಟಿಯಿಂದ ಕೊರಿಯರ್ ಹೆಸರು ಆರಿಸಬೇಕಾಗುತ್ತದೆ. ಅವಸರದಲ್ಲಿ ನಿನ್ನೆಯ ಕೊರಿಯರ್ ಹೆಸರೇ ಉಳಿದುಬಿಟ್ಟರೆ, ನಂಬರ್ ಸರಿಯಿದ್ದರೂ ಆ್ಯಪ್ ತಪ್ಪು ಮನೆಯ ಬಾಗಿಲು ಬಡಿಯುತ್ತದೆ. ಇದನ್ನು ಗುರುತಿಸುವುದು ಸುಲಭ. ಹಸ್ತಾಂತರದ ಪಾರ್ಸೆಲ್ಲಿನಲ್ಲಿ ಆ್ಯಪ್ ಮೊದಲ ಎರಡು ಮೂರು ಹಂತ ಸರಿಯಾಗಿ ತೋರಿಸಿ ಆಮೇಲೆ ನಿಲ್ಲುತ್ತದೆ. ಕೊರಿಯರ್ ಹೆಸರೇ ತಪ್ಪಿದ್ದರೆ ಮೊದಲ ದಿನದಿಂದಲೂ ಏನೂ ಇರುವುದಿಲ್ಲ. ವ್ಯಾಪಾರಿಗೆ ಒಂದು ಮೆಸೇಜ್ ಹಾಕಿದರೆ ಎರಡು ನಿಮಿಷದಲ್ಲಿ ಸರಿಮಾಡಬಹುದಾದ ತಪ್ಪು ಇದು.

ಈಗ ನಮ್ಮ ಕೈಯಲ್ಲಿರುವುದೇನು? ಕೊರಿಯರ್‌ನ ತಾಣದಲ್ಲಿ ನಂಬರ್ ಹಾಕಿದಾಗ ಕೊನೆಯ ಸಾಲನ್ನು ಮಾತ್ರ ನೋಡಿ ಮುಚ್ಚಬೇಡಿ. ‘ಡೀಟೇಲ್ಸ್’ ಒತ್ತಿ ಷರಾಗಳನ್ನೂ ಓದಿ. ಬೇರೊಬ್ಬರ ಹೆಸರೋ 13 ಅಕ್ಷರದ ನಂಬರೋ ಕಂಡರೆ ಹಸ್ತಾಂತರವಾಗಿದೆ ಎಂದೇ ಅರ್ಥ, ಆ ಹೊಸ ನಂಬರನ್ನು ಅಂಚೆ ಇಲಾಖೆಯ ತಾಣದಲ್ಲಿ ಹಾಕಿ. ಷರಾದಲ್ಲಿ ಹಸ್ತಾಂತರ ಎಂದಷ್ಟೇ ಇದ್ದು ನಂಬರ್ ಇಲ್ಲದಿದ್ದರೆ ಕೊರಿಯರ್‌ನವರಿಗೆ ಫೋನ್ ಮಾಡಿ ‘ಫಾರ್ವರ್ಡಿಂಗ್ ನಂಬರ್ ಕೊಡಿ’ ಎಂದು ಕೇಳಿ. ‘ನನ್ನ ಪಾರ್ಸೆಲ್ ಎಲ್ಲಿದೆ’ ಎಂದು ಕೇಳಿದರೆ ಅವರು ಕೊನೆಯ ಸಾಲನ್ನೇ ಮತ್ತೆ ಓದಿ ಹೇಳುತ್ತಾರೆ. ಫಾರ್ವರ್ಡಿಂಗ್ ನಂಬರ್ ಎಂದರೆ ಬೇರೆ ಪಟ್ಟಿ ತೆರೆದು ನೋಡಬೇಕಾಗುತ್ತದೆ. ಬುಕಿಂಗ್ ಹೊತ್ತಿನಲ್ಲಿ ನಿಮ್ಮ ಮೊಬೈಲ್ ನಂಬರ್ ನಮೂದಾಗಿದ್ದರೆ ಅಂಚೆಯಿಂದಲೇ ಎಸ್ಸೆಮ್ಮೆಸ್ ಬಂದಿರಲೂಬಹುದು.

ಎಸ್ಸೆಮ್ಮೆಸ್ ಎಂದಾಗ ಒಂದು ಎಚ್ಚರ. ‘ವಿಳಾಸ ಅಪೂರ್ಣ, ಇಷ್ಟು ತಾಸಿನೊಳಗೆ ಈ ಲಿಂಕ್ ಒತ್ತಿ ಸರಿಪಡಿಸಿ, ಇಲ್ಲದಿದ್ದರೆ ಪಾರ್ಸೆಲ್ ವಾಪಸ್’ ಎಂದು ಅಂಚೆ ಇಲಾಖೆಯ ಹೆಸರಿನಲ್ಲಿ ಬರುವ ಸಂದೇಶ ಮೋಸ ಎಂದು ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್‌ಚೆಕ್ ಎಚ್ಚರಿಸಿದೆ. ಆ್ಯಪ್‌ನಲ್ಲಿ ಪಾರ್ಸೆಲ್ ಕಾಣದೆ ಕಂಗಾಲಾದವರೇ ಇಂಥ ಬಲೆಗೆ ಬೇಗ ಬೀಳುತ್ತಾರೆ. ಲಿಂಕ್ ಒತ್ತಬೇಡಿ. ನಂಬರನ್ನು ನೀವೇ ಅಂಚೆ ತಾಣದಲ್ಲಿ ಟೈಪ್ ಮಾಡಿ ನೋಡಿ.

ಪಾರ್ಸೆಲ್ ಬರುವ ಮೊದಲೇ ಆ್ಯಪ್ ‘ಡೆಲಿವರ್ಡ್’ ಎಂದಿದ್ದರೆ ಅಂದೇ ಆ್ಯಪ್‌ನಲ್ಲಿ ‘ತಲುಪಿಲ್ಲ’ ಎಂದು ದೂರು ದಾಖಲಿಸಿ, ಅಂಚೆ ತಾಣದ ಪುಟದ ಸ್ಕ್ರೀನ್‌ಶಾಟ್ ಜೊತೆಗಿಡಿ. ಪಾರ್ಸೆಲ್ ಹೇಗೂ ಬರುತ್ತದಲ್ಲ ಎಂದು ಸುಮ್ಮನಿದ್ದರೆ ವಾಪಸ್ ಗಡುವಿನ ಜಗಳದಲ್ಲಿ ನಿಮ್ಮ ಬಳಿ ಕಾಗದ ಇರುವುದಿಲ್ಲ. ಅಂಚೆಯವರು ನಿಜವಾಗಿ ಕೊಟ್ಟ ತಾರೀಖು ಅವರ ಪುಟದಲ್ಲಿ ಬಿದ್ದಿರುತ್ತದೆ, ಗಡುವು ಆ ತಾರೀಖಿನಿಂದಲೇ ಶುರುವಾಗಬೇಕೆಂದು ಕೇಳಲು ಅದಕ್ಕಿಂತ ಒಳ್ಳೆಯ ಆಧಾರವಿಲ್ಲ. ನಮ್ಮ ಕೊರಿಯರ್ ಪಾಲುದಾರರ ಜೊತೆ ಮಾತಾಡಿ ಎಂದು ಆ್ಯಪ್‌ನವರು ಜಾರಿಕೊಂಡರೆ ಒಪ್ಪಬೇಡಿ. ನೀವು ದುಡ್ಡು ಕೊಟ್ಟದ್ದು ಕೊರಿಯರ್‌ಗಲ್ಲ. 2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ ಇಂಥ ಕಂಪನಿಗಳು ದೂರು ಅಧಿಕಾರಿಯನ್ನು ನೇಮಿಸಿರಬೇಕು, ದೂರು ಬಂದಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಆ ಅಧಿಕಾರಿಯ ಹೆಸರು ಮತ್ತು ಸಂಪರ್ಕವನ್ನು ಆ್ಯಪ್‌ನಲ್ಲೇ ಪ್ರಕಟಿಸಿರಬೇಕು. ಅಲ್ಲಿಯೂ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರ್ 1915.